ಕೈಯಲ್ಲಿ ಹಿಡಿದ ಉತ್ಪನ್ನದ ಛಾಯಾಚಿತ್ರ

ಕೈಯಲ್ಲಿ ಹಿಡಿದ ಉತ್ಪನ್ನದ ಛಾಯಾಚಿತ್ರವು ಮಾರಾಟದ ವಸ್ತುವೊಂದನ್ನು ಮನುಷ್ಯನ ಕೈಯೊಂದಿಗೆ ತೋರಿಸುವ ಉತ್ಪನ್ನ ಛಾಯಾಗ್ರಹಣದ ಒಂದು ಪ್ರಕಾರ. ವಸ್ತುವಿನ ಗಾತ್ರವನ್ನು ಅಂಕಿಗಳ ಸಹಾಯವಿಲ್ಲದೆ ನೋಡುಗರಿಗೆ ತಿಳಿಸುವುದು ಇದರ ಮುಖ್ಯ ಉದ್ದೇಶ. ಕೈ ಎಲ್ಲರಿಗೂ ಪರಿಚಿತವಾದ ಅಳತೆಗೋಲಾಗಿರುವುದರಿಂದ, ಅದರ ಪಕ್ಕದಲ್ಲಿರುವ ವಸ್ತುವಿನ ಗಾತ್ರವನ್ನು ಕಣ್ಣು ತಕ್ಷಣ ಅಂದಾಜು ಮಾಡುತ್ತದೆ. ಈ ಅಂದಾಜು ಸರಿಯಾಗಬೇಕಾದರೆ ಚಿತ್ರದಲ್ಲಿ ಮೂರು ಗುಣಗಳಿರಬೇಕಾಗುತ್ತದೆ: ಹಿಡಿತ ಸಹಜವಾಗಿರಬೇಕು, ಕೈ ಮತ್ತು ವಸ್ತುವಿನ ಗಾತ್ರಗಳ ಅನುಪಾತ ನಿಜವಾಗಿರಬೇಕು, ಬೆರಳುಗಳು ವಸ್ತುವಿನೊಳಗೆ ಬೆರೆತುಹೋಗದೆ ಬೇರೆಯಾಗಿ ಕಾಣಬೇಕು.

ಈ ಲೇಖನವು ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಸಾಗರ ಭಾಗದ ಶ್ರೀಗಂಧದ ಕೆತ್ತನೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಮೂರು ಗುಣಗಳನ್ನು ವಿವರಿಸುತ್ತದೆ. ಗಂಧದ ಮರದ ಬಣ್ಣವು ಚರ್ಮದ ಬಣ್ಣಕ್ಕೆ ಬಹಳ ಹತ್ತಿರವಾಗಿರುವುದರಿಂದ, ಬೆರಳು ಮತ್ತು ವಸ್ತು ಒಂದಾಗಿ ಕಾಣುವ ದೋಷವು ಇಲ್ಲಿ ಸುಲಭವಾಗಿ ಉಂಟಾಗುತ್ತದೆ.

## ಹಿನ್ನೆಲೆ

ಸೊರಬ, ಸಾಗರ ಹಾಗೂ ನೆರೆಯ ಉತ್ತರ ಕನ್ನಡ ಜಿಲ್ಲೆಯ ಕೆಲವು ಊರುಗಳಲ್ಲಿ ಗುಡಿಗಾರ ಸಮುದಾಯದವರು ತಲೆಮಾರುಗಳಿಂದ ಶ್ರೀಗಂಧದ ಕೆತ್ತನೆಯನ್ನು ಕಸುಬಾಗಿ ನಡೆಸಿಕೊಂಡು ಬಂದಿದ್ದಾರೆ. ದೇವತಾ ವಿಗ್ರಹಗಳು, ಕೆತ್ತನೆಯ ಪೆಟ್ಟಿಗೆಗಳು ಮತ್ತು ಗಂಧದ ಹಾರಗಳು ಇವರ ತಯಾರಿಕೆಗಳಲ್ಲಿ ಸೇರಿವೆ. ಇಂತಹ ವಸ್ತುಗಳ ಮಾರಾಟಕ್ಕೆ 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳು ಒಂದು ಪ್ರಮುಖ ಮಾರ್ಗವಾಗಿವೆ.

ಮಳಿಗೆಯಲ್ಲಿ ಗ್ರಾಹಕರು ವಿಗ್ರಹವನ್ನು ಕೈಗೆ ತೆಗೆದುಕೊಂಡು ನೋಡುತ್ತಾರೆ. ಅಂತರಜಾಲದ ಮೂಲಕ ಮಾರುವಾಗ ಈ ಅವಕಾಶ ಇರುವುದಿಲ್ಲ. ಸೂಕ್ಷ್ಮ ಕೆತ್ತನೆಯ ಚಿಕ್ಕ ವಿಗ್ರಹವನ್ನು ಬಿಳಿಯ ಹಿನ್ನೆಲೆಯಲ್ಲಿ ಒಂಟಿಯಾಗಿ ಚಿತ್ರಿಸಿದಾಗ, ಅದು 7 ಸೆಂಟಿಮೀಟರ್ ಎತ್ತರದ್ದೋ 30 ಸೆಂಟಿಮೀಟರ್ ಎತ್ತರದ್ದೋ ಎಂದು ಚಿತ್ರದಿಂದ ತಿಳಿಯುವುದಿಲ್ಲ. ಕೆತ್ತನೆಯಲ್ಲಿ ವಿವರಗಳು ಹೆಚ್ಚಿದಷ್ಟೂ ವಸ್ತು ದೊಡ್ಡದೆಂಬ ಭಾವನೆ ಬರುತ್ತದೆ. ಶ್ರೀಗಂಧ ದುಬಾರಿ ಮರವಾದ್ದರಿಂದ ಗಾತ್ರದ ತಪ್ಪು ಅಂದಾಜು ನೇರವಾಗಿ ಬೆಲೆಯ ತಪ್ಪು ಅಂದಾಜಾಗುತ್ತದೆ. ದೊಡ್ಡದೆಂದು ತಿಳಿದು ಕೊಂಡವರು ವಸ್ತುವನ್ನು ಹಿಂದಿರುಗಿಸುತ್ತಾರೆ. ಚಿಕ್ಕದೆಂದು ತಿಳಿದವರು ಬೆಲೆ ಹೆಚ್ಚಾಯಿತೆಂದು ಕೊಳ್ಳುವುದೇ ಇಲ್ಲ. ಎರಡೂ ಸಂದರ್ಭಗಳಲ್ಲಿ ನಷ್ಟ ಕೆತ್ತಿದವರಿಗೆ.

ಭಾರತದಲ್ಲಿ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಮಾರಾಟಗಾರರ ಜಾಹೀರಾತು ವಸ್ತುವಿನ ನಿಜವಾದ ಗುಣಲಕ್ಷಣಗಳಿಗೆ ಹೊಂದಿಕೆಯಾಗಬೇಕು. ಆದ್ದರಿಂದ ವಸ್ತುವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವ ಚಿತ್ರವು ಅಂದಚೆಂದದ ದೋಷವಷ್ಟೇ ಆಗಿ ಉಳಿಯುವುದಿಲ್ಲ.

## ಸಹಜ ಹಿಡಿತ

ಬ್ರಿಟಿಷ್ ವೈದ್ಯ ಜಾನ್ ನೇಪಿಯರ್ 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮನುಷ್ಯನ ಹಿಡಿತಗಳನ್ನು ಎರಡು ಮುಖ್ಯ ಬಗೆಗಳಾಗಿ ವಿಂಗಡಿಸಿದರು. ಸುತ್ತಿಗೆಯ ಹಿಡಿಯನ್ನು ಹಿಡಿಯುವಂತೆ ಬೆರಳುಗಳು ವಸ್ತುವನ್ನು ಅಂಗೈಗೆ ಒತ್ತಿ ಹಿಡಿಯುವುದು ಬಲದ ಹಿಡಿತ. ಸೂಜಿಯನ್ನು ಹಿಡಿಯುವಂತೆ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಗಳ ನಡುವೆ ಹಿಡಿಯುವುದು ಸೂಕ್ಷ್ಮ ಹಿಡಿತ. ಯಾವ ಹಿಡಿತ ಎಂಬುದನ್ನು ವಸ್ತುವಿನ ಆಕಾರಕ್ಕಿಂತ ಹೆಚ್ಚಾಗಿ, ಅದರಿಂದ ಮಾಡಬೇಕಾದ ಕೆಲಸವೇ ನಿರ್ಧರಿಸುತ್ತದೆ ಎಂಬುದು ಅವರ ಮುಖ್ಯ ವಾದವಾಗಿತ್ತು.

ಉತ್ಪನ್ನದ ಚಿತ್ರಕ್ಕೂ ಇದು ಅನ್ವಯಿಸುತ್ತದೆ. 75 ಮಿ.ಮೀ. ಎತ್ತರದ ಗಂಧದ ಗಣಪತಿ ವಿಗ್ರಹದ ತೂಕ ನೂರು ಗ್ರಾಂಗಿಂತ ಕಡಿಮೆ. ಇದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ವಿಗ್ರಹದ ಅರ್ಧ ಭಾಗ ಮುಚ್ಚಿಹೋಗುವುದಲ್ಲದೆ, ನೋಡುಗರಿಗೆ ಅದು ಭಾರವಾದ ವಸ್ತುವೆಂಬ ತಪ್ಪು ಸೂಚನೆಯೂ ಸಿಗುತ್ತದೆ. ಪೂಜೆಯ ವಸ್ತುವನ್ನು ಜನರು ಸಾಮಾನ್ಯವಾಗಿ ಬಲಗೈಯಲ್ಲಿ, ಪೀಠದ ಭಾಗವನ್ನು ಆಧಾರವಾಗಿಸಿಕೊಂಡು ಎತ್ತಿಕೊಳ್ಳುತ್ತಾರೆ. ಮುಖದ ಮೇಲೆ ಬೆರಳಿಟ್ಟು ಎತ್ತುವುದಿಲ್ಲ. ಆದ್ದರಿಂದ ಹೆಬ್ಬೆರಳು ಪೀಠದ ಒಂದು ಪಕ್ಕದಲ್ಲಿ, ತೋರುಬೆರಳು ಮತ್ತು ನಡುಬೆರಳು ಇನ್ನೊಂದು ಪಕ್ಕದಲ್ಲಿ ಇರುವ ಸೂಕ್ಷ್ಮ ಹಿಡಿತವೇ ಇಲ್ಲಿ ಸಹಜವಾಗಿ ಕಾಣುತ್ತದೆ. ಉಂಗುರಬೆರಳು ಮತ್ತು ಕಿರುಬೆರಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ. ಅವನ್ನು ಬಲವಂತವಾಗಿ ಹೊರಕ್ಕೆ ಚಾಚಿದರೆ ಕೈ ನಟಿಸುತ್ತಿರುವಂತೆ ತೋರುತ್ತದೆ.

ಹಿಡಿತ ಬಿಗಿಯಾಗಿದೆಯೇ ಎಂಬುದನ್ನು ಉಗುರು ತಿಳಿಸುತ್ತದೆ. ಬೆರಳನ್ನು ಹೆಚ್ಚು ಒತ್ತಿದಾಗ ಉಗುರಿನ ಕೆಳಗಿನ ರಕ್ತ ಸರಿದು ಆ ಭಾಗ ಬಿಳಿಚಿಕೊಳ್ಳುತ್ತದೆ. ಉಗುರುಗಳು ಬಿಳಿಚಿದ್ದರೆ ಹಿಡಿದವರು ಕೈಯನ್ನು ಇಳಿಸಿ, ಕೊಡವಿ, ವಸ್ತುವನ್ನು ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ. ಕೈಯನ್ನು ಸ್ಥಿರವಾಗಿಡಲು ಮೊಣಕೈಯನ್ನು ಮೇಜಿನ ಮೇಲೆ ಊರುವುದು ರೂಢಿ. ವಸ್ತು ಹಿಡಿದವರೇ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಚಿತ್ರ ತೆಗೆದರೆ ಎರಡೂ ಕೈಗಳು ಅಲುಗುತ್ತವೆ. ಆದ್ದರಿಂದ ಇಬ್ಬರು ಇರುವುದು ಅಥವಾ ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲಿಡುವುದು ಒಳ್ಳೆಯದು.

ಗಂಧದ ವಿಗ್ರಹಗಳಿಗೆ ಪರಿಮಳ ಉಳಿಯಲೆಂದು ಹಲವು ಬಾರಿ ವಾರ್ನಿಷ್ ಬಳಿದಿರುವುದಿಲ್ಲ. ಇಂತಹ ಮರ ಕೈಯ ಜಿಡ್ಡನ್ನು ಹೀರಿಕೊಂಡು ಕಲೆಯಾಗಬಹುದು. ಹಿಡಿಯುವ ಮೊದಲು ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳುವುದು, ಎಣ್ಣೆ ಅಥವಾ ಕ್ರೀಮು ಹಚ್ಚಿದ ಕೈಯನ್ನು ಬಳಸದಿರುವುದು ಇದಕ್ಕೆ ಪರಿಹಾರ.

## ಸರಿಯಾದ ಅಳತೆ

ನಿಜವಾದ ಕೈಯಲ್ಲಿ ನಿಜವಾದ ವಸ್ತುವನ್ನು ಹಿಡಿದು ತೆಗೆದ ಚಿತ್ರದಲ್ಲಿಯೂ ಅಳತೆ ತಪ್ಪಾಗಬಹುದು. ಕ್ಯಾಮೆರಾಕ್ಕೆ ಹತ್ತಿರವಿರುವುದು ದೊಡ್ಡದಾಗಿಯೂ ದೂರವಿರುವುದು ಚಿಕ್ಕದಾಗಿಯೂ ಕಾಣುವುದೇ ಇದಕ್ಕೆ ಕಾರಣ. ವಸ್ತುವನ್ನು ಕ್ಯಾಮೆರಾದ ಕಡೆಗೆ ಚಾಚಿ ಹಿಡಿದಾಗ ಅದು ಮುಂದೆ ಬರುತ್ತದೆ, ಕೈ ಹಿಂದೆ ಉಳಿಯುತ್ತದೆ. ಫೋನಿನ ಮುಖ್ಯ ಲೆನ್ಸ್ ವಿಶಾಲಕೋನದ್ದಾಗಿರುವುದರಿಂದ ಚೌಕಟ್ಟು ತುಂಬಿಸಲು ಬಹಳ ಹತ್ತಿರ ಹೋಗಬೇಕಾಗುತ್ತದೆ, ಇದರಿಂದ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ.

ಮೇಲಿನ 75 ಮಿ.ಮೀ. ಗಣಪತಿಯನ್ನೇ ತೆಗೆದುಕೊಂಡರೆ ಲೆಕ್ಕ ಹೀಗಿದೆ. ವಿಗ್ರಹ ಹಿಡಿದವರ ಹೆಬ್ಬೆರಳ ಉಗುರಿನ ಅಗಲವನ್ನು ಸ್ಕೇಲಿನಿಂದ ಅಳೆದಾಗ 15 ಮಿ.ಮೀ. ಬಂದಿದೆ ಎಂದಿಟ್ಟುಕೊಳ್ಳಬಹುದು. ಅಂದರೆ ವಿಗ್ರಹವು ಐದು ಉಗುರುಗಳಷ್ಟು ಎತ್ತರವಿದೆ. ಚಿತ್ರದಲ್ಲಿ ವಿಗ್ರಹದ ಎತ್ತರ 1500 ಪಿಕ್ಸೆಲ್ ಇದ್ದರೆ, ಕ್ಯಾಮೆರಾಕ್ಕೆ ನೇರವಾಗಿ ಕಾಣುವ ಉಗುರಿನ ಅಗಲ 300 ಪಿಕ್ಸೆಲ್ ಇರಬೇಕು.

ಕ್ಯಾಮೆರಾ ವಿಗ್ರಹದಿಂದ 20 ಸೆಂ.ಮೀ. ದೂರದಲ್ಲಿದ್ದು, ಹೆಬ್ಬೆರಳು ವಿಗ್ರಹಕ್ಕಿಂತ 6 ಸೆಂ.ಮೀ. ಹಿಂದಿದ್ದರೆ, ಉಗುರು 26 ಸೆಂ.ಮೀ. ದೂರದಲ್ಲಿರುತ್ತದೆ. ಆಗ ಅದು 300ರ ಬದಲು ಸುಮಾರು 230 ಪಿಕ್ಸೆಲ್ ಆಗಿ ಕಾಣುತ್ತದೆ. ನೋಡುಗರ ಕಣ್ಣು ಉಗುರನ್ನೇ ಅಳತೆಯಾಗಿ ಇಟ್ಟುಕೊಳ್ಳುವುದರಿಂದ ವಿಗ್ರಹವು ಸುಮಾರು 98 ಮಿ.ಮೀ. ಎತ್ತರದ್ದೆಂದು ತೋರುತ್ತದೆ. ಅದೇ ಹಿಡಿತವನ್ನು 80 ಸೆಂ.ಮೀ. ದೂರದಿಂದ ಚಿತ್ರಿಸಿದರೆ ಉಗುರು ಸುಮಾರು 279 ಪಿಕ್ಸೆಲ್ ಆಗುತ್ತದೆ, ವಿಗ್ರಹ ಸುಮಾರು 81 ಮಿ.ಮೀ. ಎಂದು ತೋರುತ್ತದೆ. ಹೆಬ್ಬೆರಳು ವಿಗ್ರಹದ ಪಕ್ಕದಲ್ಲಿ, ಅದರ ಸಮತಲದಲ್ಲಿಯೇ ಇದ್ದರೆ ತಪ್ಪು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಇದರಿಂದ ಎರಡು ಕ್ರಮಗಳು ಹೊರಡುತ್ತವೆ. ಮೊದಲನೆಯದು, ಹಿಂದೆ ಸರಿದು ದೂರದೃಷ್ಟಿಯ ಲೆನ್ಸಿನಿಂದ ಚಿತ್ರಿಸುವುದು. ಫೋನಿನಲ್ಲಿ 2x ಅಥವಾ 3x ಆಯ್ಕೆ ಇದ್ದರೆ ಅದನ್ನು ಬಳಸಬಹುದು, ಇಲ್ಲದಿದ್ದರೆ ದೂರದಿಂದ ತೆಗೆದು ಆಮೇಲೆ ಅಂಚುಗಳನ್ನು ಕತ್ತರಿಸಬಹುದು. ಎರಡನೆಯದು, ಅಳತೆಯಾಗಿ ನಿಲ್ಲುವ ಬೆರಳನ್ನು ವಸ್ತುವಿನ ಮುಖ್ಯ ಸಮತಲಕ್ಕೆ ತರುವುದು. ಪೀಠದ ಪಕ್ಕವನ್ನು ಹಿಡಿಯುವ ಸೂಕ್ಷ್ಮ ಹಿಡಿತದಲ್ಲಿ ಇದು ತಾನಾಗಿಯೇ ಆಗುತ್ತದೆ.

ದೂರ ಸರಿಯುವುದರಿಂದ ಇನ್ನೊಂದು ಅನುಕೂಲವೂ ಇದೆ. ಹತ್ತಿರದಿಂದ ತೆಗೆದಾಗ ವಿಗ್ರಹದ ಮುಖ ಸ್ಪಷ್ಟವಾಗಿ, ಬೆರಳುಗಳು ಮಸುಕಾಗಿ ಬರುವ ಸಾಧ್ಯತೆ ಹೆಚ್ಚು. ಮಸುಕಾದ ಬೆರಳು ಅಳತೆಗೆ ಉಪಯೋಗಕ್ಕೆ ಬರುವುದಿಲ್ಲ. ಪೂರ್ಣ ಚೌಕಟ್ಟಿನ ಸಂವೇದಕವುಳ್ಳ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸನ್ನು f/8ರಲ್ಲಿ ಬಳಸಿ 80 ಸೆಂ.ಮೀ. ದೂರದಿಂದ ಚಿತ್ರಿಸಿದರೆ ಸುಮಾರು 4 ಸೆಂ.ಮೀ. ಆಳದವರೆಗೆ ಸ್ಪಷ್ಟತೆ ದೊರೆಯುತ್ತದೆ. ಚಿಕ್ಕ ವಿಗ್ರಹ ಮತ್ತು ಅದನ್ನು ಹಿಡಿದ ಬೆರಳ ತುದಿಗಳಿಗೆ ಇದು ಸಾಕು. ಅದೇ ಲೆನ್ಸನ್ನು f/2.8ರಲ್ಲಿ ಬಳಸಿದರೆ ಆಳ ಒಂದೂವರೆ ಸೆಂಟಿಮೀಟರಿಗೂ ಕಡಿಮೆಯಾಗುತ್ತದೆ.

## ಬೆರಳು ಮತ್ತು ವಸ್ತು ಬೇರೆಯಾಗಿ ಕಾಣುವುದು

ಎರಡು ವಸ್ತುಗಳ ನಡುವಿನ ಗೆರೆಯನ್ನು ಕಣ್ಣು ಮುಖ್ಯವಾಗಿ ಬೆಳಕಿನ ಏರಿಳಿತದಿಂದ ಗುರುತಿಸುತ್ತದೆ. ಬೆರಳು ಮತ್ತು ಮರ ಒಂದೇ ಪ್ರಮಾಣದ ಬೆಳಕನ್ನು ಪ್ರತಿಫಲಿಸಿದರೆ ಅವುಗಳ ನಡುವಿನ ಅಂಚು ಚಿತ್ರದಲ್ಲಿ ಕಳೆದುಹೋಗುತ್ತದೆ. ಶ್ರೀಗಂಧದ ಪರಿಮಳಯುಕ್ತ ಒಳಮರ, ಅಂದರೆ ಚೇಗು, ಹಳದಿ ಮಿಶ್ರಿತ ಕಂದು ಬಣ್ಣದ್ದು. ಕಾಲಕಳೆದಂತೆ ಅದು ಇನ್ನಷ್ಟು ಗಾಢವಾಗುತ್ತದೆ. ಇದು ಈ ನಾಡಿನ ಅನೇಕರ ಚರ್ಮದ ಬಣ್ಣಕ್ಕೆ ಸಮೀಪವಾಗಿದೆ. ಕಪ್ಪು ಬೀಟೆಮರದ ಪೆಟ್ಟಿಗೆಯಲ್ಲಾಗಲಿ, ಬಣ್ಣದ ಅರಗು ಹಚ್ಚಿದ ಚನ್ನಪಟ್ಟಣದ ಗೊಂಬೆಯಲ್ಲಾಗಲಿ ಈ ಸಮಸ್ಯೆ ಇಷ್ಟು ತೀವ್ರವಾಗಿರುವುದಿಲ್ಲ.

### ಬೆಳಕಿನ ದಿಕ್ಕು

ಸೊರಬ ತಾಲ್ಲೂಕಿನ ಉಳವಿಯಂತಹ ಊರುಗಳಲ್ಲಿ ಸ್ಟುಡಿಯೊ ಇಲ್ಲದವರಿಗೆ ಮಲೆನಾಡಿನ ಮನೆಯ ಜಗುಲಿಯೇ ಒಳ್ಳೆಯ ಚಿತ್ರೀಕರಣದ ಸ್ಥಳವಾಗಬಲ್ಲದು. ಮುಂಚಾಚಿದ ಹೆಂಚಿನ ಮಾಡು ನೇರ ಬಿಸಿಲನ್ನು ತಡೆಯುತ್ತದೆ, ಅಂಗಳದ ಕಡೆಯಿಂದ ಮಾತ್ರ ಮೃದುವಾದ ಬೆಳಕು ಬರುತ್ತದೆ. ಅಂಗಳಕ್ಕೆ ಸಮಾನಾಂತರವಾಗಿ ಕುಳಿತು, ಬೆಳಕು ಕೈಯ ಒಂದು ಪಕ್ಕದಿಂದ ಬೀಳುವಂತೆ ನೋಡಿಕೊಂಡರೆ, ಪ್ರತಿ ಬೆರಳಿನ ಒಂದು ಅಂಚು ಬೆಳಗಿ ಇನ್ನೊಂದು ಅಂಚು ನೆರಳಾಗುತ್ತದೆ. ಬೆರಳು ಮರವನ್ನು ಮುಟ್ಟುವಲ್ಲಿ ಕಿರಿದಾದ ಗಾಢ ನೆರಳೊಂದು ಮೂಡುತ್ತದೆ. ಈ ಸ್ಪರ್ಶದ ನೆರಳೇ ಬೆರಳು ಎಲ್ಲಿ ಮುಗಿಯಿತು, ಮರ ಎಲ್ಲಿ ಆರಂಭವಾಯಿತು ಎಂಬುದನ್ನು ತೋರಿಸುವ ಗೆರೆ.

ಫೋನಿನ ಫ್ಲ್ಯಾಶ್ ಬಳಸಿದಾಗ ಬೆಳಕು ಕ್ಯಾಮೆರಾದ ದಿಕ್ಕಿನಿಂದಲೇ ಬರುವುದರಿಂದ ಈ ನೆರಳು ಬೆರಳಿನ ಹಿಂದೆ ಅಡಗಿಹೋಗುತ್ತದೆ. ಮಳೆಗಾಲದ ಮೋಡದ ಬೆಳಕಿನಲ್ಲಿ ಬಯಲಿನಲ್ಲಿ ನಿಂತು ತೆಗೆದಾಗಲೂ ಎಲ್ಲ ಕಡೆಯಿಂದ ಸಮನಾದ ಬೆಳಕು ಬಿದ್ದು ಅಂಚುಗಳು ಮಾಯವಾಗುತ್ತವೆ. ಆಗ ಬೆಳಕಿಗೆ ಎದುರಾದ ಪಕ್ಕದಲ್ಲಿ, ಚೌಕಟ್ಟಿನಿಂದ ಸ್ವಲ್ಪ ಹೊರಗೆ, ಕಪ್ಪು ಬಟ್ಟೆ ಅಥವಾ ಕಪ್ಪು ರಟ್ಟನ್ನು ಹಿಡಿದರೆ ಆ ಪಕ್ಕದ ಪ್ರತಿಫಲನ ನಿಂತು ಬೆರಳಿನ ಅಂಚು ಗಾಢವಾಗುತ್ತದೆ. ಇಲ್ಲಿ ಬಿಳಿಯ ಥರ್ಮೋಕೋಲ್ ಹಲಗೆ ಹಿಡಿಯುವ ಸಾಮಾನ್ಯ ಅಭ್ಯಾಸವು ನೆರಳನ್ನು ಅಳಿಸಿ ದೋಷವನ್ನು ಹೆಚ್ಚಿಸುತ್ತದೆ.

### ಬಣ್ಣದ ಪ್ರತಿಫಲನ

ಜಗುಲಿಯ ಕೆಂಪು ನೆಲವು ಬೆರಳುಗಳ ಕೆಳಭಾಗಕ್ಕೂ ಪೀಠಕ್ಕೂ ಒಂದೇ ಕೆಂಪು ಛಾಯೆಯನ್ನು ಹಾಯಿಸುತ್ತದೆ. ಹತ್ತಿರದ ತೋಟದ ಹಸಿರೂ ಹೀಗೆಯೇ ಪ್ರತಿಫಲಿಸುತ್ತದೆ. ಇಂತಹ ಛಾಯೆ ಎರಡರ ಬಣ್ಣವನ್ನೂ ಒಂದೇ ಕಡೆಗೆ ಎಳೆಯುವುದರಿಂದ ವ್ಯತ್ಯಾಸ ಇನ್ನೂ ಕಡಿಮೆಯಾಗುತ್ತದೆ. ನೆಲದ ಮೇಲೆ ಬೂದು ಅಥವಾ ಕಪ್ಪು ಬಟ್ಟೆ ಹಾಸುವುದು ಸರಳ ಪರಿಹಾರ. ಒಳಮನೆಯ ಹಳದಿ ದೀಪವನ್ನು ಆರಿಸಿ, ಹಗಲಿನ ಬೆಳಕೊಂದನ್ನೇ ಬಳಸಬೇಕು.

### ಜಾಲರಿ ಕೆತ್ತನೆ

ಗಣಪತಿಯ ಹಿಂದಿನ ಪ್ರಭಾವಳಿಯಲ್ಲಿ ಮರವನ್ನು ಆರಪಾರ ಕೊರೆದ ಬಳ್ಳಿಗಳಿದ್ದರೆ ಬೇರೊಂದು ತೊಂದರೆ ಬರುತ್ತದೆ. ಅಂಗೈ ಅದರ ಹಿಂದೆ ಇದ್ದಾಗ, ರಂಧ್ರಗಳ ಮೂಲಕ ಚರ್ಮ ಕಾಣುತ್ತದೆ. ಚರ್ಮವೂ ಮರದ ಬಣ್ಣದ್ದೇ ಆದ್ದರಿಂದ ರಂಧ್ರಗಳು ತುಂಬಿದಂತಾಗಿ ಕೆತ್ತನೆಯ ವಿನ್ಯಾಸವೇ ಕಾಣೆಯಾಗುತ್ತದೆ. ವಾರಗಟ್ಟಲೆ ಮಾಡಿದ ಕೆಲಸ ಚಪ್ಪಟೆ ಹಲಗೆಯಂತೆ ತೋರುತ್ತದೆ. ಹಿಡಿತವನ್ನು ಪೀಠಕ್ಕೆ ಮಾತ್ರ ಸೀಮಿತಗೊಳಿಸಿ, ಪ್ರಭಾವಳಿಯ ಹಿಂದೆ ದೂರದಲ್ಲಿ ಕಡುಹಸಿರು ಅಥವಾ ಕಡುನೀಲಿ ಬಟ್ಟೆ ಇರುವಂತೆ ನೋಡಿಕೊಂಡರೆ ಪ್ರತಿ ರಂಧ್ರವೂ ತೆರೆದು ಕಾಣುತ್ತದೆ.

### ಪರೀಕ್ಷೆ

ಬೆರಳು ಬೇರೆಯಾಗಿ ಕಾಣುತ್ತಿದೆಯೇ ಎಂದು ತಿಳಿಯಲು ಚಿತ್ರವನ್ನು ಫೋನಿನಲ್ಲಿಯೇ ಕಪ್ಪು-ಬಿಳುಪಿಗೆ ಬದಲಿಸಿ, ಹೆಬ್ಬೆರಳ ಗಾತ್ರಕ್ಕೆ ಕುಗ್ಗಿಸಿ ನೋಡಲಾಗುತ್ತದೆ. ಬಣ್ಣ ತೆಗೆದ ಮೇಲೆ ಬೆಳಕಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಆ ಸ್ಥಿತಿಯಲ್ಲಿಯೂ ಬೆರಳುಗಳನ್ನು ಎಣಿಸಲು ಸಾಧ್ಯವಾದರೆ ಚಿತ್ರ ಸರಿಯಾಗಿದೆ. ಬೆರಳು ಮತ್ತು ಪೀಠ ಒಂದೇ ಬೂದು ಮಚ್ಚೆಯಾಗಿ ಕಂಡರೆ ಬೆಳಕಿನ ದಿಕ್ಕನ್ನು ಬದಲಿಸಿ ಮತ್ತೆ ತೆಗೆಯಬೇಕಾಗುತ್ತದೆ. ಮೊದಲ ಚಿತ್ರ ತೆಗೆದ ಕೂಡಲೇ ಈ ಪರೀಕ್ಷೆ ಮಾಡಿಕೊಂಡರೆ ಉಳಿದ ವಿಗ್ರಹಗಳ ಚಿತ್ರೀಕರಣ ವ್ಯರ್ಥವಾಗುವುದಿಲ್ಲ.

## ಜೋಡಿಸಿದ ಮತ್ತು ಯಂತ್ರರಚಿತ ಚಿತ್ರಗಳು

ಕೈ ಮತ್ತು ವಸ್ತುವನ್ನು ಬೇರೆಬೇರೆಯಾಗಿ ಚಿತ್ರಿಸಿ ಗಣಕದಲ್ಲಿ ಜೋಡಿಸುವ ಪದ್ಧತಿಯೂ ಇದೆ. ಇಲ್ಲಿ ಹೆಬ್ಬೆರಳು ವಸ್ತುವಿನ ಮುಂದೆ, ಉಳಿದ ಬೆರಳುಗಳು ಹಿಂದೆ ಬರುವಂತೆ ಪದರಗಳನ್ನು ಇಡಬೇಕು. ಸ್ಪರ್ಶದ ನೆರಳನ್ನು ಪ್ರತ್ಯೇಕವಾಗಿ ಬರೆಯಬೇಕು. ಒತ್ತಿದ ಬೆರಳಿನ ತುದಿ ತುಸು ಚಪ್ಪಟೆಯಾಗುವುದು ನಿಜವಾದ ಹಿಡಿತದ ಲಕ್ಷಣ. ಖಾಲಿ ಕೈಯ ಚಿತ್ರದಲ್ಲಿ ಅದು ಇಲ್ಲದಿರುವುದರಿಂದ ಜೋಡಿಸಿದ ವಸ್ತು ಬೆರಳುಗಳ ನಡುವೆ ತೇಲುವಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಅದೇ ಗಾತ್ರದ ಸಾದಾ ಮರದ ತುಂಡನ್ನು ಹಿಡಿಸಿ ಕೈಯನ್ನು ಚಿತ್ರಿಸುವುದುಂಟು.

ಬರಹದ ವಿವರಣೆಯಿಂದ ಚಿತ್ರ ರಚಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳಲ್ಲಿ ಬೆರಳು ವಸ್ತುವಿನೊಳಗೆ ಕರಗುವ ದೋಷವು ಬೇರೆ ಕಾರಣದಿಂದ ಬರುತ್ತದೆ. ಇವು ಚಿತ್ರಗಳಲ್ಲಿನ ಮಾದರಿಗಳನ್ನು ಕಲಿತು ಹೊಸ ಚಿತ್ರವನ್ನು ರಚಿಸುತ್ತವೆಯೇ ಹೊರತು, ಮೂಳೆ ಮತ್ತು ಕೀಲುಗಳುಳ್ಳ ಕೈಯನ್ನು ಮೊದಲು ನಿರ್ಮಿಸಿ ಅದಕ್ಕೆ ವಸ್ತುವನ್ನು ಕೊಡುವುದಿಲ್ಲ. ಬೆರಳುಗಳು ಮರೆಯಾಗುವ ಜಾಗದಲ್ಲಿ ಯಾವುದು ಕೈ, ಯಾವುದು ವಸ್ತು ಎಂಬ ಗಡಿ ತಪ್ಪಬಹುದು. ‘ಕೈಯಲ್ಲಿ ಹಿಡಿದ ಗಂಧದ ಗಣಪತಿ’ ಎಂಬ ವಿವರಣೆ ಹಿಡಿತದ ಬಗೆಯನ್ನಾಗಲಿ ಗಾತ್ರವನ್ನಾಗಲಿ ಹೇಳುವುದಿಲ್ಲ. ಛಾಯಾಗ್ರಾಹಕರಿಗೆ ಕೊಡುವ ಲಿಖಿತ ಸೂಚನೆಯಂತೆಯೇ ಇಲ್ಲಿಯೂ ಕಣ್ಣಿಗೆ ಕಾಣುವುದನ್ನು ಬರೆಯಬೇಕಾಗುತ್ತದೆ. ಉದಾಹರಣೆಗೆ:

> ವಯಸ್ಕರ ಬಲಗೈ. ವಿಗ್ರಹದ ಎತ್ತರ ಅಂಗೈಯ ಅಗಲಕ್ಕಿಂತ ತುಸು ಕಡಿಮೆ. ಹೆಬ್ಬೆರಳು ಪೀಠದ ಎಡಪಕ್ಕದಲ್ಲಿ, ತೋರುಬೆರಳು ಮತ್ತು ನಡುಬೆರಳು ಬಲಪಕ್ಕದಲ್ಲಿ. ಮೂರರ ಉಗುರುಗಳೂ ಕಾಣಬೇಕು. ಉಳಿದೆರಡು ಬೆರಳುಗಳು ಪೀಠದ ಕೆಳಗೆ ಮಡಚಿವೆ. ಪೀಠದ ಮೇಲಿನ ಭಾಗವನ್ನು ಯಾವ ಬೆರಳೂ ಮುಟ್ಟಿಲ್ಲ. ಬೆಳಕು ಎಡದಿಂದ, ಪ್ರತಿ ಬೆರಳಿನ ಪಕ್ಕದಲ್ಲಿ ತೆಳುವಾದ ನೆರಳು. ಹಿನ್ನೆಲೆ ಕಡುಹಸಿರು.

ಇದರಲ್ಲಿ ಗಾತ್ರವನ್ನು ಮಿಲಿಮೀಟರಿನಲ್ಲಿ ಹೇಳದೆ ಅಂಗೈಗೆ ಹೋಲಿಸಿ ಹೇಳಿರುವುದನ್ನು ಗಮನಿಸಬಹುದು. ವಯಸ್ಕರ ಅಂಗೈಯ ಅಗಲ ಸುಮಾರು 8 ಸೆಂ.ಮೀ. ಇರುತ್ತದೆ, ಚಿತ್ರದೊಳಗೆ ಕಾಣುವ ವಸ್ತುವೊಂದರೊಂದಿಗಿನ ಹೋಲಿಕೆಯನ್ನು ಸರಿಯಾಗಿ ಬಂದಿದೆಯೇ ಎಂದು ಪರಿಶೀಲಿಸುವುದು ಸುಲಭ. ಯಾವ ಬೆರಳು ಕಾಣಬೇಕು ಎಂಬುದರೊಂದಿಗೆ ಯಾವುದು ಮರೆಯಾಗಿದೆ ಎಂಬುದನ್ನೂ ಹೇಳಿದಾಗ, ಬಂದ ಚಿತ್ರದಲ್ಲಿ ಬೆರಳುಗಳ ಲೆಕ್ಕ ನೋಡಬಹುದು.

ಆದರೆ ಯಂತ್ರರಚಿತ ಚಿತ್ರದಲ್ಲಿರುವ ವಿಗ್ರಹ ಮಾರಾಟಕ್ಕಿರುವ ವಿಗ್ರಹವಲ್ಲ. ಕೈಕೆತ್ತನೆಯಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ, ಮರದ ಎಳೆಗಳೂ ಬೇರೆಯಾಗಿರುತ್ತವೆ. ಹೀಗಾಗಿ ಇಂತಹ ಚಿತ್ರವನ್ನು ಹಿಡಿತ ಮತ್ತು ಬೆಳಕನ್ನು ಮೊದಲೇ ಯೋಚಿಸಿಕೊಳ್ಳುವ ಕರಡಾಗಿ ಬಳಸಬಹುದೇ ಹೊರತು, ನಿರ್ದಿಷ್ಟ ವಸ್ತುವಿನ ಮಾರಾಟದ ಚಿತ್ರವಾಗಿ ಬಳಸಿದರೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ.

## ಮಿತಿಗಳು

ಕೈ ಅಂದಾಜಿನ ಅಳತೆಗೋಲು ಮಾತ್ರ. ವ್ಯಕ್ತಿಯಿಂದ ವ್ಯಕ್ತಿಗೆ ಅದರ ಗಾತ್ರ ಬದಲಾಗುತ್ತದೆ. ಮಗುವಿನ ಅಥವಾ ತೀರಾ ಚಿಕ್ಕ ಕೈಯಲ್ಲಿ ಹಿಡಿಸಿದರೆ ವಸ್ತು ದೊಡ್ಡದಾಗಿ ತೋರುತ್ತದೆ. ಚೌಕಟ್ಟಿನಲ್ಲಿ ಬೆರಳ ತುದಿಗಳು ಮಾತ್ರ ಕಂಡಾಗ ಇದನ್ನು ಪತ್ತೆಹಚ್ಚುವುದು ಕಷ್ಟ. ಆದ್ದರಿಂದ ಮಣಿಕಟ್ಟಿನವರೆಗೆ ಕೈ ಕಾಣುವ ಚಿತ್ರವೊಂದಾದರೂ ಇರುವುದು ಮತ್ತು ಎತ್ತರ, ಅಗಲ, ತೂಕಗಳನ್ನು ವಿವರಣೆಯಲ್ಲಿ ಅಂಕಿಗಳಲ್ಲಿ ಕೊಡುವುದು ಅಗತ್ಯ.

ಅನೇಕ ಮಾರಾಟ ತಾಣಗಳು ಮುಖ್ಯ ಚಿತ್ರದಲ್ಲಿ ಬಿಳಿಯ ಹಿನ್ನೆಲೆ ಮತ್ತು ವಸ್ತು ಮಾತ್ರ ಇರಬೇಕೆಂದು ನಿಯಮ ಮಾಡಿವೆ. ಅಲ್ಲಿ ಕೈಯಲ್ಲಿ ಹಿಡಿದ ಚಿತ್ರವು ಎರಡನೆಯ ಅಥವಾ ಮೂರನೆಯ ಚಿತ್ರವಾಗಿ ಬರುತ್ತದೆ. ಒಂದು ಅಡಿಗಿಂತ ಎತ್ತರದ, ಎರಡು ಕೈಗಳಿಂದ ಎತ್ತಬೇಕಾದ ವಿಗ್ರಹಗಳಿಗೆ ಈ ಪ್ರಕಾರ ಹೊಂದುವುದಿಲ್ಲ. ಅವುಗಳ ಗಾತ್ರವನ್ನು ತಿಳಿಸಲು ದೇವರ ಪೀಠ, ಮೇಜು ಅಥವಾ ಪಕ್ಕದಲ್ಲಿ ಕುಳಿತ ವ್ಯಕ್ತಿಯೊಂದಿಗೆ ಚಿತ್ರಿಸಲಾಗುತ್ತದೆ.